ಐವತ್ತಕ್ಕೆ ಮನೆಗೆ ಕಳಿಸುವ ಮೊದಲು ಕಡತ ಪೂರ್ತಿ ಓದಿ: ಮುಖ್ಯ ಕಾರ್ಯದರ್ಶಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಸರ್ಕಾರದ ಮುಖ್ಯ ಕಾರ್ಯದರ್ಶಿಗಳು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು

ವಿಷಯ: ಸಾರ್ವಜನಿಕ ಹಿತಾಸಕ್ತಿಯಿಂದ ನೌಕರರನ್ನು ಕಡ್ಡಾಯವಾಗಿ ನಿವೃತ್ತಿಗೊಳಿಸುವ ಬಗ್ಗೆ.

ಮಾನ್ಯರೇ,

ನಾನು ಸರ್ಕಾರಿ ಕಚೇರಿಯ ಸಿಬ್ಬಂದಿ ಶಾಖೆಯಲ್ಲಿ ಮೊದಲು ವಿಷಯ ನಿರ್ವಾಹಕನಾಗಿ, ಆಮೇಲೆ ಅಧೀಕ್ಷಕನಾಗಿ ಕೆಲಸ ಮಾಡಿ ನಿವೃತ್ತನಾದವನು. ಬೇರೆಯವರ ಸೇವಾ ವಹಿ ಬರೆಯುವುದು, ಮೇಲಧಿಕಾರಿಗಳು ವರ್ಷ ವರ್ಷ ನೌಕರನ ಕೆಲಸದ ಬಗ್ಗೆ ಬರೆಯುವ ಗೋಪ್ಯ ವರದಿಗಳನ್ನು ಜೋಡಿಸುವುದು, ಮೇಲಿನವರಿಗೆ ಟಿಪ್ಪಣಿ ಮಂಡಿಸುವುದು, ಇದೇ ನನ್ನ ಕೆಲಸವಾಗಿತ್ತು. ಕೆಲಸ ಮಾಡದ ನೌಕರರನ್ನು ಐವತ್ತಕ್ಕೇ ಮನೆಗೆ ಕಳಿಸಬೇಕು ಎಂಬ ಮಾತು ಆಗಾಗ ಏಳುತ್ತದೆ. ಕೇಳಿದವರು ತಲೆದೂಗುತ್ತಾರೆ. ನಾನೂ ಅದನ್ನು ಪೂರ್ತಿ ಅಲ್ಲಗಳೆಯುವುದಿಲ್ಲ. ಆದರೆ ಆ ಅಧಿಕಾರ ಕೆಲಸ ಮಾಡುವ ರೀತಿಯಲ್ಲಿ ಒಂದು ಸಂಗತಿ ಹೆಚ್ಚಿನವರಿಗೆ ಗೊತ್ತಿಲ್ಲ. ಅದನ್ನು ತಮ್ಮ ಮುಂದೆಯೂ ಓದುಗರ ಮುಂದೆಯೂ ಇಡಬೇಕು ಅನ್ನಿಸಿತು.

ಮೊದಲು ನಿಯಮ ಏನು ಹೇಳುತ್ತದೆ ನೋಡೋಣ. ಕರ್ನಾಟಕ ನಾಗರಿಕ ಸೇವಾ ನಿಯಮಗಳ ನಿಯಮ 285(4)ರ ಪ್ರಕಾರ, ನೌಕರನಿಗೆ 50 ವರ್ಷ ತುಂಬಿದ್ದರೆ ಅಥವಾ 25 ವರ್ಷಗಳ ಅರ್ಹತಾ ಸೇವೆ ಮುಗಿದಿದ್ದರೆ, ಸಾರ್ವಜನಿಕ ಹಿತಾಸಕ್ತಿಯಿಂದ ಸರ್ಕಾರ ಅವನನ್ನು ನಿವೃತ್ತಿಗೊಳಿಸಬಹುದು. ಮೂರು ತಿಂಗಳ ನೋಟಿಸ್ ಕೊಡಬೇಕು, ಇಲ್ಲವೇ ಮೂರು ತಿಂಗಳ ವೇತನ ಮತ್ತು ಭತ್ಯೆ ಕೊಟ್ಟು ಕಳಿಸಬೇಕು. ಕೇಂದ್ರ ಸರ್ಕಾರದ ನೌಕರರಿಗೆ ಇದೇ ಬಗೆಯದ್ದು ಮೂಲಭೂತ ನಿಯಮ 56(ಜೆ). ನಮ್ಮಲ್ಲಿ ವಯೋನಿವೃತ್ತಿ 60ಕ್ಕೆ. ಅಂದರೆ ಹತ್ತು ವರ್ಷದ, ಚಿಕ್ಕ ವಯಸ್ಸಿಗೇ ಸೇರಿದವರಿಗೆ ಅದಕ್ಕೂ ಹೆಚ್ಚಿನ ಸೇವೆ ಒಂದು ಆದೇಶದಲ್ಲಿ ಹೋಗಬಹುದು.

ಶಿಸ್ತು ಕ್ರಮದಲ್ಲಿ ದಂಡನೆಯಾಗಿ ಕೊಡುವ ಕಡ್ಡಾಯ ನಿವೃತ್ತಿಯೂ ಒಂದಿದೆ. ಅದೇ ಬೇರೆ, ಇದೇ ಬೇರೆ. ಅಲ್ಲಿ ದೋಷಾರೋಪಣಾ ಪಟ್ಟಿ ಇರುತ್ತದೆ, ವಿಚಾರಣಾಧಿಕಾರಿ ಇರುತ್ತಾರೆ, ಸಾಕ್ಷಿಗಳನ್ನು ಪ್ರಶ್ನಿಸುವ ಅವಕಾಶ ಇರುತ್ತದೆ. ಇಲ್ಲಿ ಅದ್ಯಾವುದೂ ಇಲ್ಲ. ನೌಕರನನ್ನು ಕರೆದು ಕೇಳುವುದೂ ಇಲ್ಲ. ಯಾಕೆಂದರೆ ಕಾನೂನಿನ ಕಣ್ಣಲ್ಲಿ ಇದು ಶಿಕ್ಷೆಯೇ ಅಲ್ಲ. ನಡತೆಗೆ ಕಳಂಕ ಹಚ್ಚುವುದಿಲ್ಲ, ಅಲ್ಲಿಯವರೆಗೆ ದುಡಿದು ಗಳಿಸಿದ ಪಿಂಚಣಿ ಕಿತ್ತುಕೊಳ್ಳುವುದಿಲ್ಲ, ಆದ್ದರಿಂದ ವಿಚಾರಣೆ ಇಲ್ಲದೆ ವಜಾ ಮಾಡಬಾರದು ಎನ್ನುವ ಸಂವಿಧಾನದ 311ನೇ ವಿಧಿಯ ರಕ್ಷಣೆ ಬೇಕಿಲ್ಲ. ಸುಪ್ರೀಂ ಕೋರ್ಟ್ ಈ ಮಾತನ್ನು 1954ರಲ್ಲೇ ಶ್ಯಾಮ್ ಲಾಲ್ ಪ್ರಕರಣದಲ್ಲಿ ಹೇಳಿತು. ನಮ್ಮದೇ ನಿಯಮ 285ರ ಹಳೆಯ ರೂಪ ಮೈಸೂರು ರಾಜ್ಯದ ಕಾಲದಲ್ಲಿ ಶಿವಚರಣ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಹೋಗಿತ್ತು. ಅಲ್ಲಿ ಅದು ಗಟ್ಟಿಯಾಗಿ ನಿಂತಿತು. ಅದೇ ಕಾಲದಲ್ಲಿ ಪಂಜಾಬಿನ ಒಂದು ನಿಯಮ ಬಿದ್ದುಹೋಯಿತು. ಹತ್ತೇ ವರ್ಷ ಸೇವೆ ಮಾಡಿದವರನ್ನೂ ಕಳಿಸಬಹುದು ಅಂತ ಅದರಲ್ಲಿತ್ತು. ಅಷ್ಟು ಬೇಗ ಕಳಿಸಿದರೆ ಅದು ನಿವೃತ್ತಿ ಅಲ್ಲ, ಬೇರೆ ಹೆಸರಿನಲ್ಲಿ ಮಾಡಿದ ವಜಾ ಎಂದು ನ್ಯಾಯಾಲಯ ಕಂಡಿತು.

ಹಾಗಾಗಿ ನಿಯಮವೇ ತಪ್ಪು ಎಂದು ವಾದಿಸುವ ಕಾಲ ಮುಗಿದು ಅರವತ್ತು ವರ್ಷವಾಯಿತು. ನಾನು ಆ ವಾದ ಮಾಡುತ್ತಲೂ ಇಲ್ಲ. ಅರ್ಜಿ ಹಿಡಿದು ಬಂದ ಜನರನ್ನು ತಿಂಗಳುಗಟ್ಟಲೆ ಅಲೆಸುವವರನ್ನು ನಾನೂ ನೋಡಿದ್ದೇನೆ. ಅಂಥವರ ಮೇಲೆ ಇಲಾಖಾ ವಿಚಾರಣೆ ನಡೆಸೋಣ ಅಂದರೆ ತೋರಿಸಲು ಒಂದು ಘಟನೆ ಸಿಗುವುದಿಲ್ಲ. ಸೋಮಾರಿತನಕ್ಕೆ ಸಾಕ್ಷಿ ತರುವುದು ಕಷ್ಟ. ಅಂಥ ಕಡೆ ಈ ಅಧಿಕಾರ ಬೇಕೇ ಬೇಕು.

ನನ್ನ ಮಾತು ಇರುವುದು ಅದರ ಮುಂದಿನ ಹಂತದ ಬಗ್ಗೆ. ಆದೇಶ ತಪ್ಪಾಗಿದ್ದರೆ ಕೋರ್ಟು ಸರಿಮಾಡುತ್ತದೆ ಬಿಡಿ ಎಂದು ಕಚೇರಿಗಳಲ್ಲಿ ಎಲ್ಲರೂ ಅಂದುಕೊಂಡಿರುತ್ತಾರೆ. ಸಹಿ ಮಾಡುವವರೂ ಹಾಗೇ ಅಂದುಕೊಳ್ಳುತ್ತಾರೆ, ಆದೇಶ ಪಡೆದವರೂ ಹಾಗೇ ನಂಬಿಕೊಂಡಿರುತ್ತಾರೆ. ಆದರೆ ಇಂಥ ಪ್ರಕರಣದಲ್ಲಿ ಕೋರ್ಟು ಹಾಗೆ ಸರಿಮಾಡುವುದಿಲ್ಲ. ಅದು ನೋಡುವುದೇ ಬೇರೆ.

1992ರ ಬೈಕುಂಠ ನಾಥ್ ದಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ಬಿಡಿಸಿ ಹೇಳಿತು. ಒಡಿಶಾದಿಂದ ಹೋದ ಪ್ರಕರಣ ಅದು. ಇವತ್ತಿಗೂ ಎಲ್ಲ ತೀರ್ಪುಗಳೂ ಅಲ್ಲಿಂದಲೇ ಶುರುವಾಗುತ್ತವೆ. ನೌಕರನನ್ನು ಮುಂದುವರಿಸಬೇಕೋ ಬೇಡವೋ ಎಂಬುದು ಸರ್ಕಾರಕ್ಕೆ ಮನವರಿಕೆಯಾಗಬೇಕಾದ ವಿಷಯ. ಅಲ್ಲಿ ನೈಸರ್ಗಿಕ ನ್ಯಾಯದ ತತ್ವಕ್ಕೆ ಜಾಗ ಇಲ್ಲ. ಹಾಗಂತ ನ್ಯಾಯಾಲಯದ ಬಾಗಿಲು ಪೂರ್ತಿ ಮುಚ್ಚಿಯೂ ಇಲ್ಲ. ಮೂರು ಸಂದರ್ಭಗಳಲ್ಲಿ ಅದು ಒಳಗೆ ಬರಬಹುದು. ಆದೇಶದ ಹಿಂದೆ ದುರುದ್ದೇಶ ಇದ್ದರೆ. ಅದಕ್ಕೆ ಆಧಾರವೇ ಇಲ್ಲದಿದ್ದರೆ. ಅಥವಾ ಆ ದಾಖಲೆ ಓದಿದ ಯಾವ ವಿವೇಕಿಯೂ ಅಂಥ ಅಭಿಪ್ರಾಯಕ್ಕೆ ಬರಲು ಸಾಧ್ಯವಿಲ್ಲ ಎನ್ನುವಷ್ಟು ಅದು ಮನಸೋ ಇಚ್ಛೆಯದ್ದಾಗಿದ್ದರೆ. ಅಷ್ಟೇ. ಈ ನೌಕರ ಒಳ್ಳೆಯವನೋ ಕೆಟ್ಟವನೋ ಎಂದು ನ್ಯಾಯಾಲಯ ಮೇಲ್ಮನವಿಯಲ್ಲಿ ಅಳೆದ ಹಾಗೆ ಅಳೆಯುವುದಿಲ್ಲ.

ಇದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ಸರ್ಕಾರ ಇಡೀ ಸೇವಾ ದಾಖಲೆಯನ್ನು ನೋಡಬೇಕು, ಅದರಲ್ಲೂ ಕೊನೆಯ ವರ್ಷಗಳ ಕೆಲಸಕ್ಕೆ ಜಾಸ್ತಿ ಬೆಲೆ ಕೊಡಬೇಕು. ಹಾಗೆಯೇ, ನೌಕರನಿಗೆ ತಿಳಿಸದೇ ಇದ್ದ ಪ್ರತಿಕೂಲ ಷರಾವನ್ನು ಗಣನೆಗೆ ತೆಗೆದುಕೊಂಡರು ಎಂಬ ಒಂದೇ ಕಾರಣಕ್ಕೆ ಆದೇಶ ಬೀಳುವುದಿಲ್ಲ. ಈ ಕೊನೆಯ ವಾಕ್ಯವನ್ನು ದಯವಿಟ್ಟು ಮತ್ತೊಮ್ಮೆ ಓದಿ. ನಿಮ್ಮ ಬಗ್ಗೆ ಏನು ಬರೆದಿದ್ದಾರೆ ಎಂದು ನಿಮಗೇ ಗೊತ್ತಿಲ್ಲದ ಸಾಲು ನಿಮ್ಮ ಕೆಲಸ ಕಳೆಯಬಹುದು. ವರದಿಯಲ್ಲಿ ಬರೆದ ಪ್ರತಿಯೊಂದನ್ನೂ ನೌಕರನಿಗೆ ತಿಳಿಸಬೇಕು ಎಂದು 2008ರ ದೇವ್ ದತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ನಿಜ. ಆದರೆ ಅದು ಮುಂಬಡ್ತಿಯ ವಿವಾದದಲ್ಲಿ ಬಂದ ಮಾತು.

ಕಡತದ ಒಳಗೆ ಇದು ಹೇಗೆ ಕಾಣುತ್ತದೆ ಎಂದು ತೋರಿಸಲು ಒಂದು ಉದಾಹರಣೆ ಕಟ್ಟುತ್ತೇನೆ. ಇಂಥ ವ್ಯಕ್ತಿ ನಿಜವಾಗಿ ಇದ್ದಾರೆ ಅಂತ ಅಲ್ಲ. ಆದರೆ ಸಿಬ್ಬಂದಿ ಶಾಖೆಯಲ್ಲಿ ಕೂತವರು ಇದನ್ನು ಓದಿದರೆ ತಮ್ಮ ಬೀರುವಿನಲ್ಲಿರುವ ಯಾವುದೋ ಕಡತ ನೆನಪಾಗುತ್ತದೆ.

ಒಬ್ಬ ಸಹಾಯಕ ಕಾರ್ಯಪಾಲಕ ಇಂಜಿನಿಯರ್. ವಯಸ್ಸು 54. ಸೇವೆ 27 ವರ್ಷ. ಸೇವೆಯ ಆರಂಭದಲ್ಲಿ ಒಂದು ವರ್ಷ 'ಕೆಲಸದಲ್ಲಿ ನಿಧಾನ, ಅಳತೆ ಪುಸ್ತಕ ಬಾಕಿ ಇಟ್ಟಿದ್ದಾರೆ' ಎಂಬ ಷರಾ ಬಿದ್ದಿದೆ. ಅದಾದ ಮೇಲೆ ಮುಂಬಡ್ತಿ ಸಿಕ್ಕಿದೆ. ಕೊನೆಯ ಹತ್ತು ವರ್ಷದ ವರದಿಗಳಲ್ಲಿ ಏಳು 'ತುಂಬಾ ಉತ್ತಮ', ಒಂದು 'ಉತ್ತಮ', ಎರಡು 'ಸಾಧಾರಣ'. ಆ ಎರಡು ಸಾಧಾರಣಗಳನ್ನೂ ಬರೆದವರು ಒಬ್ಬರೇ ಮೇಲಧಿಕಾರಿ. ಆ ಎರಡು ವರ್ಷದಲ್ಲೇ ಒಂದು ರಸ್ತೆ ಕಾಮಗಾರಿಯ ಬಿಲ್ಲಿಗೆ ಈ ಇಂಜಿನಿಯರ್ ಸಹಿ ಹಾಕಲು ಒಪ್ಪಿರಲಿಲ್ಲ. ಅದು ಬೇರೆ ಕಡತದಲ್ಲಿದೆ. ಗೋಪ್ಯ ವರದಿಯ ಜೊತೆ ಅದನ್ನು ಯಾರೂ ಕಟ್ಟಿಡುವುದಿಲ್ಲ.

ಯಾರನ್ನು ಉಳಿಸಬೇಕು, ಯಾರನ್ನು ಕಳಿಸಬೇಕು ಎಂದು ನೋಡುವ ಪರಿಶೀಲನಾ ಸಮಿತಿಯ ಸಭೆ ಬಂತು. ಹತ್ತಾರು ಹೆಸರುಗಳು. ಇಪ್ಪತ್ತೇಳು ವರ್ಷದ ವರದಿಗಳ ಕಟ್ಟನ್ನು ಸಭೆಯ ಮೇಜಿನ ಮೇಲೆ ಯಾರೂ ಬಿಚ್ಚುವುದಿಲ್ಲ. ವಿಷಯ ನಿರ್ವಾಹಕ ಒಂದು ಸಾರಾಂಶ ಪಟ್ಟಿ ತಯಾರಿಸುತ್ತಾನೆ. ಹೆಸರು, ಹುಟ್ಟಿದ ದಿನ, ಸೇವೆಗೆ ಸೇರಿದ ದಿನ, ವರದಿಗಳ ಸಾರ, ಷರಾ. ವರದಿಗಳ ಸಾರದ ಅಂಕಣ ಮೂರು ಬೆರಳಿನಷ್ಟು ಅಗಲ ಇರುತ್ತದೆ. ಅಲ್ಲಿ ಬರೆಯುತ್ತಾರೆ: 'ಹಿಂದೆ ಪ್ರತಿಕೂಲ ಷರಾ ಇದೆ. ಇತ್ತೀಚಿನ ಕಾರ್ಯನಿರ್ವಹಣೆ ಕೆಲವು ವರ್ಷ ಸಾಧಾರಣ.' ಇದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೆ ಏಳು ವರ್ಷದ 'ತುಂಬಾ ಉತ್ತಮ' ಎಲ್ಲಿ ಹೋಯಿತು? ಎರಡನ್ನೂ ಬರೆದವರು ಒಬ್ಬರೇ ಎಂಬುದು ಎಲ್ಲಿ ಹೋಯಿತು? ಸಮಿತಿಯ ಸದಸ್ಯರು ಆ ಅಂಕಣವನ್ನಷ್ಟೇ ಓದುತ್ತಾರೆ. ನಡವಳಿಯಲ್ಲಿ ಒಂದು ಸಾಲು ದಾಖಲಾಗುತ್ತದೆ. ಆದೇಶ ಹೊರಡುತ್ತದೆ. ಆದೇಶದಲ್ಲಿ 'ಸಾರ್ವಜನಿಕ ಹಿತಾಸಕ್ತಿಯಿಂದ' ಎಂಬುದು ಬಿಟ್ಟರೆ ಬೇರೆ ಕಾರಣ ಇರುವುದಿಲ್ಲ. ಇರಲೂಬಾರದು ಅನ್ನಿ, ಯಾಕೆಂದರೆ ಕಾರಣ ಬರೆದು ಅದು ಕಳಂಕ ಹಚ್ಚುವಂತಿದ್ದರೆ ಆದೇಶವೇ ಶಿಕ್ಷೆಯ ರೂಪ ಪಡೆಯುತ್ತದೆ.

ಈಗ ಆ ಇಂಜಿನಿಯರ್ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗುತ್ತಾರೆ. ಕೆಎಟಿ ಅಂತ ನಾವೆಲ್ಲ ಕರೆಯುವುದು ಇದನ್ನೇ. ಆಡಳಿತ ನ್ಯಾಯಮಂಡಳಿಗಳ ಕಾಯ್ದೆ, 1985ರ 19ನೇ ಕಲಂ ಅಡಿ ಅರ್ಜಿ ಹಾಕಬೇಕು. ಸಾಮಾನ್ಯವಾಗಿ ಒಂದು ವರ್ಷದ ಒಳಗೆ. ನ್ಯಾಯಮಂಡಳಿ ಕಡತ ತರಿಸುತ್ತದೆ. ಆಧಾರ ಇದೆಯಾ? ಇದೆ, ಒಂದು ಹಳೆಯ ಷರಾ, ಎರಡು ಸಾಧಾರಣ. ಇಡೀ ದಾಖಲೆ ಸಮಿತಿಯ ಮುಂದಿತ್ತಾ? ವರದಿಗಳ ಕಟ್ಟನ್ನು ಇಟ್ಟಿದ್ದೇವೆ ಎಂದು ಸರ್ಕಾರಿ ವಕೀಲರು ಹೇಳುತ್ತಾರೆ, ನಡವಳಿಯಲ್ಲೂ ಹಾಗೇ ಬರೆದಿದೆ. ಯಾವ ವಿವೇಕಿಯೂ ಈ ಅಭಿಪ್ರಾಯಕ್ಕೆ ಬರಲಾರನೇ? ಒಬ್ಬರು ಬರಬಹುದು, ಇನ್ನೊಬ್ಬರು ಬರಲಿಕ್ಕಿಲ್ಲ. ಎರಡು ಅಭಿಪ್ರಾಯಕ್ಕೆ ಅವಕಾಶ ಇದ್ದ ಕಡೆ ನ್ಯಾಯಮಂಡಳಿ ಸರ್ಕಾರದ ಅಭಿಪ್ರಾಯವನ್ನು ಮುಟ್ಟುವುದಿಲ್ಲ. ಉಳಿದದ್ದು ದುರುದ್ದೇಶ. ಅದನ್ನು ಹೇಳಬೇಕಾದರೆ ಆ ಮೇಲಧಿಕಾರಿಯನ್ನು ಹೆಸರು ಹಿಡಿದು ಪ್ರತಿವಾದಿ ಮಾಡಬೇಕು, ಸಾಬೀತು ಮಾಡುವ ಹೊಣೆಯೂ ಅರ್ಜಿದಾರರದ್ದೇ. ರಸ್ತೆ ಬಿಲ್ಲಿನ ಕಡತ ಕಚೇರಿಯಲ್ಲಿದೆ, ಅರ್ಜಿದಾರರು ಕಚೇರಿಯ ಹೊರಗಿದ್ದಾರೆ.

ಅರ್ಜಿ ವಜಾ ಆಗುವ ಸಾಧ್ಯತೆಯೇ ಜಾಸ್ತಿ. ಹೈಕೋರ್ಟಿಗೆ ಹೋಗಬಹುದು, ಅಲ್ಲೂ ಇದೇ ಪ್ರಶ್ನೆಗಳು. ಇಷ್ಟೆಲ್ಲ ಮುಗಿದಾಗ ಏನಾಯಿತು? ಆದೇಶ ಊರ್ಜಿತವಾಯಿತು. ಆದರೆ 'ಈ ಇಂಜಿನಿಯರ್ ಕೆಲಸಕ್ಕೆ ಬಾರದವರು' ಎಂದು ಪೂರ್ತಿ ದಾಖಲೆ ಓದಿ ತೀರ್ಮಾನಿಸಿದವರು ಯಾರು? ಸಮಿತಿ ಓದಲಿಲ್ಲ, ತಪ್ಪಿದ್ದರೆ ಕೋರ್ಟು ಸರಿಮಾಡುತ್ತದೆ ಎಂದುಕೊಂಡಿತು. ಕೋರ್ಟು ಅಳೆಯಲಿಲ್ಲ, ಸಮಿತಿ ಓದಿದೆ ಎಂದುಕೊಂಡಿತು. ಮಾನ್ಯರೇ, ನಾನು ಈ ಪತ್ರ ಬರೆಯುತ್ತಿರುವುದು ಇದೊಂದನ್ನು ಹೇಳಲಿಕ್ಕೆ.

ಇಲ್ಲಿ ಮುಂಬಡ್ತಿಯ ಬಗ್ಗೆ ಒಂದು ಮಾತು ಸೇರಿಸಬೇಕು, ಏಕೆಂದರೆ ಬಹಳ ನೌಕರರು ಅದನ್ನು ನೆಚ್ಚಿಕೊಂಡಿರುತ್ತಾರೆ. ಪ್ರತಿಕೂಲ ಷರಾ ಬಿದ್ದ ಮೇಲೂ ಮುಂಬಡ್ತಿ ಸಿಕ್ಕಿದ್ದರೆ ಆ ಷರಾದ ಮೊನಚು ಹೋಗುತ್ತದೆ ಎಂದು ಬೈಕುಂಠ ನಾಥ್ ದಾಸ್ ತೀರ್ಪು ಹೇಳುತ್ತದೆ. ಆದರೆ ಅದು ಹೆಚ್ಚಾಗಿ ಅನ್ವಯಿಸುವುದು ಅರ್ಹತೆಯ ಮೇಲೆ ಆಯ್ಕೆಯಾಗಿ ಬಂದ ಮುಂಬಡ್ತಿಗೆ. ನಮ್ಮ ರಾಜ್ಯದಲ್ಲಿ ಬಹಳಷ್ಟು ಹುದ್ದೆಗಳಿಗೆ ಮುಂಬಡ್ತಿ ಸಿಗುವುದು ಜ್ಯೇಷ್ಠತೆ ಮತ್ತು ಅರ್ಹತೆ ಸೇರಿಸಿ, ಅದರಲ್ಲೂ ಜ್ಯೇಷ್ಠತೆಯನ್ನೇ ಮುಂದಿಟ್ಟು. ಹಾಗೆ ಬಂದ ಮುಂಬಡ್ತಿ ಅಷ್ಟು ಗಟ್ಟಿ ರಕ್ಷಣೆ ಆಗುವುದಿಲ್ಲ. ಅದರ ಮೇಲೆ 2013ರಲ್ಲಿ ರಾಜಸ್ಥಾನ ರಸ್ತೆ ಸಾರಿಗೆ ನಿಗಮದ ನೌಕರರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನಷ್ಟು ಸ್ಪಷ್ಟಪಡಿಸಿತು. ಮುಂಬಡ್ತಿಯಿಂದ ಹಳೆಯದೆಲ್ಲ ತೊಳೆದುಹೋಯಿತು ಎಂಬ ವಾದ ಕಡ್ಡಾಯ ನಿವೃತ್ತಿಯಲ್ಲಿ ನಡೆಯುವುದಿಲ್ಲ, ಇಡೀ ದಾಖಲೆಯನ್ನು ನೋಡಬಹುದು. ಅಂದರೆ ಇಪ್ಪತ್ತು ವರ್ಷದ ಹಿಂದಿನ ಒಂದು ಸಾಲು ಇವತ್ತಿಗೂ ಬದುಕಿದೆ.

ಹಾಗಾದರೆ ನ್ಯಾಯಾಲಯಗಳು ಯಾವಾಗಲೂ ಸುಮ್ನೆ ಬಿಟ್ಟಿವೆಯಾ? ಇಲ್ಲ. ಒಂದು ಬಗೆಯ ಪ್ರಕರಣದಲ್ಲಿ ಅವು ಗಟ್ಟಿಯಾಗಿ ಕೈ ಹಾಕಿವೆ. ಇಲಾಖಾ ವಿಚಾರಣೆ ಮಾಡಬೇಕಾದ ಕಡೆ, ಅದು ತಲೆನೋವು ಎಂದು ಈ ನಿಯಮವನ್ನು ಅಡ್ಡದಾರಿಯಾಗಿ ಬಳಸಿದಾಗ.

2001ರ ಉಮೇದ್‌ಭಾಯ್ ಪಟೇಲ್ ಪ್ರಕರಣವನ್ನು ತಮ್ಮ ಅಧಿಕಾರಿಗಳು ಒಮ್ಮೆ ಓದಬೇಕು. ಗುಜರಾತಿನ ಒಬ್ಬ ಇಂಜಿನಿಯರ್. ಅವರ ಮೇಲೆ ಆರೋಪಗಳಿದ್ದವು, ಅಮಾನತಿನಲ್ಲೂ ಇದ್ದರು. ಆದರೆ ಗೋಪ್ಯ ವರದಿಗಳಲ್ಲಿ ಒಂದೇ ಒಂದು ಪ್ರತಿಕೂಲ ಷರಾ ಇರಲಿಲ್ಲ. 50 ಮತ್ತು 55 ವರ್ಷದ ಪರಿಶೀಲನೆಗಳನ್ನು ದಾಟಿ ಬಂದಿದ್ದರು. ಪರಿಶೀಲನಾ ಸಮಿತಿ ಅವರನ್ನು ಕಳಿಸಿ ಎಂದು ಶಿಫಾರಸು ಮಾಡಿರಲಿಲ್ಲ. ವಯೋನಿವೃತ್ತಿಗೆ ಎರಡು ವರ್ಷವೂ ಉಳಿದಿರಲಿಲ್ಲ. ಆದರೂ ಸರ್ಕಾರ ವಿಚಾರಣೆ ಮುಗಿಯುವವರೆಗೆ ಕಾಯದೆ ಕಡ್ಡಾಯ ನಿವೃತ್ತಿ ಕೊಟ್ಟಿತು. ಸಾಬೀತಾಗದ ಆರೋಪಗಳ ಮೇಲೆ ಮಾತ್ರ ನಿಂತ ಈ ಆದೇಶ ಹೊರಗಿನ ಕಾರಣಗಳಿಗಾಗಿ ಹೊರಟದ್ದು ಎಂದು ಹೈಕೋರ್ಟ್ ಕಂಡಿತ್ತು. ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. ವಿಚಾರಣೆ ತಪ್ಪಿಸಲು ಕಡ್ಡಾಯ ನಿವೃತ್ತಿ ಒಂದು ಒಳದಾರಿ ಆಗಬಾರದು ಎಂದು ಅದೇ ತೀರ್ಪಿನಲ್ಲಿ ಬರೆಯಿತು.

ಹತ್ತಿರದ್ದೊಂದು 2023ರ ಕ್ಯಾಪ್ಟನ್ ಪ್ರಮೋದ್ ಕುಮಾರ್ ಬಜಾಜ್ ಪ್ರಕರಣ. ಆದಾಯ ತೆರಿಗೆ ಇಲಾಖೆಯ ಹಿರಿಯ ಅಧಿಕಾರಿ. 2020ರ ಜನವರಿ ಕೊನೆಗೆ ಅವರು ವಯೋನಿವೃತ್ತಿ ಹೊಂದಬೇಕಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಕಡ್ಡಾಯ ನಿವೃತ್ತಿಯ ಆದೇಶ ಬಂತು. ನಾಲ್ಕು ತಿಂಗಳಷ್ಟೇ ಉಳಿದಿದ್ದ ಅಧಿಕಾರಿಯನ್ನು ಕಳಿಸುವುದರಲ್ಲಿ ಯಾವ ಸಾರ್ವಜನಿಕ ಹಿತ ಇತ್ತು? ಇದು ಶಿಸ್ತು ಕ್ರಮವನ್ನು ಮೊಟಕುಗೊಳಿಸಲು ಮಾಡಿದ ಶಿಕ್ಷೆ ಎಂದು ಸುಪ್ರೀಂ ಕೋರ್ಟ್ ಆದೇಶ ರದ್ದು ಮಾಡಿತು. ಆದರೆ ದಿನಾಂಕಗಳನ್ನು ಗಮನಿಸಿ. ಗೆಲುವು ಬಂದಾಗ ಅವರ ವಯೋನಿವೃತ್ತಿಯ ದಿನ ಕಳೆದು ಮೂರು ವರ್ಷ ಆಗಿತ್ತು. ಆ ಕುರ್ಚಿಗೆ ಮರಳುವ ಪ್ರಶ್ನೆಯೇ ಇರಲಿಲ್ಲ.

ಈ ಎರಡೂ ಪ್ರಕರಣಗಳಲ್ಲಿ ನೌಕರರು ಗೆದ್ದದ್ದು ಅವರು ಒಳ್ಳೆಯ ಕೆಲಸಗಾರರು ಎಂದು ನ್ಯಾಯಾಲಯ ಅಳೆದು ನೋಡಿದ್ದಕ್ಕೆ ಮಾತ್ರ ಅಲ್ಲ. ಗುರುತುಗಳು ಕಡತದ ಮೇಲೆ ಎದ್ದು ಕಾಣುತ್ತಿದ್ದವು. ಬಾಕಿ ಇರುವ ವಿಚಾರಣೆ, ತೀರಾ ಕೊನೆಯ ಗಳಿಗೆ, ಸಮಿತಿಯ ಬೆಂಬಲ ಇಲ್ಲದಿರುವುದು, ಆರೋಪಕ್ಕೂ ವರದಿಗೂ ತಾಳೆಯೇ ಇಲ್ಲದಿರುವುದು. ಇಷ್ಟು ಎದ್ದು ಕಾಣುವ ತಪ್ಪು ಮಾಡಿದ ಆದೇಶ ಬೀಳುತ್ತದೆ. ನಾನು ಹೇಳಿದ ಇಂಜಿನಿಯರ್ ಕಡತದಂಥದ್ದು, ಅಚ್ಚುಕಟ್ಟಾಗಿ ತಯಾರಾದದ್ದು, ಉಳಿಯುತ್ತದೆ. ಕಡತ ಜಾಣತನದಿಂದ ಮಾಡಿದಷ್ಟೂ ನ್ಯಾಯಾಲಯಕ್ಕೆ ಕಾಣುವುದು ಕಡಿಮೆ.

ಪ್ರಾಮಾಣಿಕತೆಯ ವಿಷಯ ಇನ್ನೂ ಕಷ್ಟದ್ದು. ಲಂಚ ತಿನ್ನುವವನೆಂದು ಊರಿಗೆಲ್ಲ ಗೊತ್ತಿರುತ್ತದೆ, ಸಾಕ್ಷಿ ಹೇಳುವವರು ಒಬ್ಬರೂ ಇರುವುದಿಲ್ಲ. ಅಂಥವನನ್ನು ಈ ನಿಯಮದಡಿ ಕಳಿಸಿದರೆ ನನಗೆ ಬೇಸರ ಇಲ್ಲ. ಆದರೆ 'ಪ್ರಾಮಾಣಿಕತೆ ಸಂಶಯಾಸ್ಪದ' ಎಂದು ಬರೆಯುವುದಕ್ಕೆ ಏನು ಬೇಕು? ಒಂದು ಪೆನ್ನು ಸಾಕು. 1998ರ ಎಂ.ಎಸ್. ಬಿಂದ್ರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೇ ಉತ್ತರ ಕೊಟ್ಟಿತು. ಸಂಶಯ ಎಂದು ಬರೆಯುವುದಕ್ಕೂ ಆಧಾರ ಬೇಕು, ಸಾಮಾನ್ಯ ತಿಳಿವಳಿಕೆಯ ಒಬ್ಬ ಮನುಷ್ಯ ಆ ಆಧಾರ ನೋಡಿ ಸಂಶಯ ಪಡುವಂತಿರಬೇಕು. ವರ್ಷಗಟ್ಟಲೆ ಒಳ್ಳೆಯ ಹೆಸರು ಗಳಿಸಿದವನು ಇದ್ದಕ್ಕಿದ್ದಂತೆ ಭ್ರಷ್ಟನಾದ ಎಂದು ಹೇಳುವುದಾದರೆ ಅದಕ್ಕೆ ಗಟ್ಟಿ ಕಾರಣ ತೋರಿಸಬೇಕು. ನನ್ನ ಅನುಭವದಲ್ಲಿ ಈ ಷರಾ ಬರೆಯುವವರು ಹೆಚ್ಚಿನ ಸಲ ಒಂದು ದೂರಿನ ಸಂಖ್ಯೆಯನ್ನೂ ಉಲ್ಲೇಖಿಸುವುದಿಲ್ಲ. ಆ ಒಂದು ಸಂಖ್ಯೆ ಇದ್ದರೆ ಸಮಿತಿ ಆ ಕಡತ ತರಿಸಿ ನೋಡಬಹುದಿತ್ತು ಅಲ್ವಾ?

ಇನ್ನೊಂದು ಸಂಗತಿ, ಚಿಕ್ಕದಾಗಿ. ಇದು ಶಿಕ್ಷೆ ಅಲ್ಲ ಎಂಬ ವಾದದ ಬೇರು ಇರುವುದು ಪಿಂಚಣಿಯಲ್ಲಿ. ಹೋಗುವವನು ಗಳಿಸಿದ್ದನ್ನು ಕಳೆದುಕೊಳ್ಳುವುದಿಲ್ಲ ಎಂಬ ನಂಬಿಕೆಯ ಮೇಲೆ 1954ರಿಂದ ಎಲ್ಲ ತೀರ್ಪುಗಳೂ ನಿಂತಿವೆ. ನಮ್ಮ ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಸೇವೆಗೆ ಸೇರಿದವರನ್ನು ಹೊಸ ಪಿಂಚಣಿ ಯೋಜನೆಗೆ ತರಲಾಯಿತು. ಅದರಲ್ಲಿ ಕೈಗೆ ಬರುವುದು ಎಷ್ಟು ವರ್ಷ ವಂತಿಗೆ ಕಟ್ಟಿದರು, ಹಣ ಎಷ್ಟು ಬೆಳೆಯಿತು ಎಂಬುದರ ಮೇಲೆ. ತಡವಾಗಿ ಕೆಲಸಕ್ಕೆ ಸೇರಿ, ಐವತ್ತು ದಾಟಿದ ಕೂಡಲೇ ಹೊರಗೆ ಹೋಗುವವನಿಗೆ ಉಳಿಯುವುದು ಹಳೆಯ ಪಿಂಚಣಿಯವನಿಗೆ ಉಳಿಯುವುದಕ್ಕಿಂತ ಬೇರೆಯೇ. ಅಂಥವರ ಹೆಸರು ಸಮಿತಿಯ ಮುಂದೆ ಬಂದಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹಳೆಯ ತೀರ್ಪುಗಳನ್ನಷ್ಟೇ ಉಲ್ಲೇಖಿಸುವುದು ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ.

ಈಗ ನನ್ನ ಕೋರಿಕೆಗೆ ಬರುತ್ತೇನೆ. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆಯಿಂದ ಒಂದು ಸುತ್ತೋಲೆ ಸಾಕು.

ಮೊದಲನೆಯದು ಆ ಮೂರು ಬೆರಳಿನ ಅಂಕಣ. ಅದನ್ನು ತೆಗೆದುಹಾಕಿ. ಅದರ ಬದಲು ಪ್ರತಿ ಹೆಸರಿಗೂ ಒಂದು ಪುಟ ಇರಲಿ. ಕೊನೆಯ ಹತ್ತು ವರ್ಷಗಳಲ್ಲಿ ಪ್ರತಿ ವರ್ಷಕ್ಕೂ ಒಂದು ಸಾಲು: ಯಾವ ಶ್ರೇಣಿ, ಬರೆದವರು ಯಾರು, ಪರಿಶೀಲಿಸಿದ ಅಧಿಕಾರಿ ಅದನ್ನು ಒಪ್ಪಿದರೋ ಬದಲಿಸಿದರೋ, ನೌಕರನಿಗೆ ತಿಳಿಸಿದ್ದು ಯಾವತ್ತು, ಅವನು ಏನು ಉತ್ತರ ಕೊಟ್ಟ. ಹತ್ತು ವರ್ಷಕ್ಕಿಂತ ಹಿಂದಿನದ್ದು ಇದ್ದರೆ ಅದು ಬೇರೆಯಾಗಿ ಕೆಳಗೆ ಬರಲಿ. ಈ ಪುಟ ಕಣ್ಣ ಮುಂದೆ ಇದ್ದಿದ್ದರೆ ನಮ್ಮ ಇಂಜಿನಿಯರ್‌ನ ಎರಡು ಸಾಧಾರಣಗಳು ಒಂದೇ ಕೈಯಿಂದ ಬಂದವು ಎಂದು ಯಾರಿಗಾದರೂ ಕಾಣುತ್ತಿತ್ತು. ತಿಳಿಸದೇ ಇದ್ದ ಷರಾವನ್ನು ನೋಡಿದರೂ ಆದೇಶ ಬೀಳುವುದಿಲ್ಲ ಎಂದು ನ್ಯಾಯಾಲಯ ಹೇಳಿದೆ, ನಿಜ. ಆದರೆ ಅದನ್ನು ನೋಡಲೇಬೇಕು ಎಂದು ಯಾವ ನ್ಯಾಯಾಲಯವೂ ಹೇಳಿಲ್ಲ. ತಿಳಿಸದೇ ಇದ್ದದ್ದನ್ನು ಪಕ್ಕಕ್ಕಿಡುವ ಸ್ವಾತಂತ್ರ್ಯ ತಮಗಿದೆ.

ಕೇಂದ್ರ ಸರ್ಕಾರ 2020ರ ಆಗಸ್ಟ್ 28ರಂದು ಹೊರಡಿಸಿದ ಸೂಚನೆಗಳಲ್ಲಿ ಕೆಲವು ಒಳ್ಳೆಯ ಅಂಶಗಳಿವೆ. ವಯೋನಿವೃತ್ತಿಗೆ ಒಂದು ವರ್ಷದೊಳಗೆ ಉಳಿದವರನ್ನು ಅದಕ್ಷತೆಯ ಕಾರಣಕ್ಕೆ ಸಾಮಾನ್ಯವಾಗಿ ಕಳಿಸಬಾರದು. ಕೊನೆಯ ಐದು ವರ್ಷದ ಕೆಲಸ ತೃಪ್ತಿಕರ ಎಂದು ಕಂಡಿದ್ದರೆ ಆ ಕಾರಣಕ್ಕೆ ಸಾಮಾನ್ಯವಾಗಿ ಕಳಿಸಬಾರದು. ಪ್ರಾಮಾಣಿಕತೆಯ ಸಂಶಯ ಇದ್ದ ಕಡೆ ಈ ಮಿತಿಗಳು ಇಲ್ಲ, ಅದು ಸರಿಯೇ. ನೋಟಿಸ್ ಕೈಗೆ ಬಂದ ಮೂರು ವಾರದೊಳಗೆ ನೌಕರ ಮನವಿ ಕೊಡಬಹುದು, ಅದನ್ನು ಬೇರೆ ಸಮಿತಿ ನೋಡುತ್ತದೆ. ನಮ್ಮ ರಾಜ್ಯದ ಪ್ರತಿ ಆದೇಶದ ಕೊನೆಯಲ್ಲೂ ಇಂಥ ಮನವಿಯ ದಾರಿ, ದಿನಗಳ ಗಡುವು, ನೋಡುವ ಅಧಿಕಾರಿಯ ಪದನಾಮ ಅಚ್ಚಾಗಿರಲಿ. ನೌಕರನಿಗೆ ಮುಂಚೆ ಕೇಳಿಸಿಕೊಳ್ಳುವ ಹಕ್ಕಿಲ್ಲ ಎಂದಾದರೆ ಆಮೇಲಾದರೂ ಒಂದು ಸಲ ಕೇಳಿಸಿಕೊಳ್ಳಿ. ಮನವಿ ಸಮಿತಿ ಕೋರ್ಟಿನ ಹಾಗೆ ಮೂರು ಕಾರಣಕ್ಕೆ ಕಟ್ಟುಬಿದ್ದಿಲ್ಲ. 'ಇವರನ್ನು ಕಳಿಸಿದ್ದು ತಪ್ಪು' ಎಂದು ನೇರವಾಗಿ ಹೇಳುವ ಶಕ್ತಿ ಅದಕ್ಕಿದೆ.

ಇಲಾಖಾ ವಿಚಾರಣೆ ಬಾಕಿ ಇರುವವರ ಹೆಸರು ಸಮಿತಿಯ ಮುಂದೆ ಬಂದರೆ, ವಿಚಾರಣೆ ಯಾಕೆ ಮುಗಿದಿಲ್ಲ, ಯಾವ ಹಂತದಲ್ಲಿದೆ ಎಂದು ಕಡತದಲ್ಲೇ ಬರೆಸಿ. ಹೆಚ್ಚಿನ ಸಲ ಕಾರಣ ವಿಚಾರಣಾಧಿಕಾರಿಯ ವರ್ಗಾವಣೆ, ಇಲ್ಲವೇ ಸಾಕ್ಷಿಯೊಬ್ಬರು ಬಾರದೇ ಇರುವುದು. ಆ ತಡ ನೌಕರನದ್ದಲ್ಲದಿದ್ದರೆ ಕಡ್ಡಾಯ ನಿವೃತ್ತಿಯ ಪಟ್ಟಿಯಿಂದ ಆ ಹೆಸರು ಹೊರಗೆ ಹೋಗಲಿ, ವಿಚಾರಣೆ ಮುಗಿಯಲಿ. ತಪ್ಪಿತಸ್ಥನಾದರೆ ದಂಡನೆ ಕೊಡಿ, ಅದಕ್ಕೆ ಬೇರೆ ನಿಯಮ ಇದೆ.

ಇನ್ನು ಪರಿಶೀಲನೆ ಯಾವಾಗ ನಡೆಯಬೇಕು ಎಂಬುದು. 50 ತುಂಬುವ ಮೊದಲು, 25 ವರ್ಷ ಮುಗಿಯುವ ಮೊದಲು, ಪ್ರತಿಯೊಬ್ಬರದ್ದೂ ಸರದಿ ಪ್ರಕಾರ ಆಗಲಿ. ಈ ನಿಯಮ ನೆನಪಾಗುವುದು ಯಾರ ಮೇಲಾದರೂ ಸಿಟ್ಟು ಬಂದಾಗ ಎಂದಾದರೆ, ಆ ಪಟ್ಟಿಯಲ್ಲಿರುವ ಹೆಸರುಗಳನ್ನು ಆರಿಸಿದ್ದು ಯಾರು ಎಂಬ ಪ್ರಶ್ನೆ ಏಳುತ್ತದೆ. ಎಲ್ಲರನ್ನೂ ನೋಡಿ ಕೆಲವರನ್ನು ಕಳಿಸಿದರೆ ಆ ಪ್ರಶ್ನೆ ಏಳುವುದಿಲ್ಲ.

ನನ್ನ ಜೊತೆ ಕೆಲಸ ಮಾಡಿದವರಲ್ಲಿ ಈ ಪತ್ರ ಓದಿ ಬೇಸರಪಟ್ಟುಕೊಳ್ಳುವವರು ಇರಬಹುದು. ಇಷ್ಟು ಬರೆಯಬೇಕಾದರೆ ಪ್ರತಿ ಹೆಸರಿಗೂ ಅರ್ಧ ದಿನ ಬೇಕು ಎನ್ನುತ್ತಾರೆ. ಬೇಕು. ಕಾಲು ಶತಮಾನದ ಸೇವೆಯನ್ನು ಮುಗಿಸುವ ಆದೇಶಕ್ಕೆ ಅರ್ಧ ದಿನ ಜಾಸ್ತಿ ಅಲ್ಲ. ಪೂರ್ತಿ ಓದಿ ಹೊರಡಿಸಿದ ಆದೇಶ ನ್ಯಾಯಮಂಡಳಿಯಲ್ಲೂ ಗಟ್ಟಿ ನಿಲ್ಲುತ್ತದೆ, ಸರ್ಕಾರಿ ವಕೀಲರು ತಡಕಾಡಬೇಕಾಗುವುದಿಲ್ಲ. ನಿಜವಾಗಿ ಹೋಗಬೇಕಾದವರು ಹೋಗುತ್ತಾರೆ.

ಈ ಕೋರಿಕೆಗಳ ಬಗ್ಗೆ ತಮ್ಮ ಇಲಾಖೆ ಒಂದು ತೀರ್ಮಾನ ತೆಗೆದುಕೊಂಡು, ಸುತ್ತೋಲೆಯ ಕರಡನ್ನು ನೌಕರರ ಸಂಘಗಳಿಗೂ ಸಾರ್ವಜನಿಕರಿಗೂ ಪ್ರಕಟಿಸಿ ಆಕ್ಷೇಪಣೆ ಕರೆಯಬೇಕೆಂದು ಕೇಳಿಕೊಳ್ಳುತ್ತೇನೆ. ಮುಂದಿನ ಪರಿಶೀಲನಾ ಸಭೆಯ ಸೂಚನಾ ಪತ್ರ ಹೊರಡುವ ಮೊದಲೇ ಇದು ಆಗಬೇಕು.

ಇಂತಿ ತಮ್ಮ ವಿಶ್ವಾಸಿ,
ಸಿಬ್ಬಂದಿ ಶಾಖೆಯ ನಿವೃತ್ತ ಅಧೀಕ್ಷಕ